ತಿದ್ದುವ ಮೊದಲು ಒಂದು ಕ್ಷಣ



ಮೊನ್ನೆ ನನ್ನ ಮಗಳು, "ಸೀರೆಯನ್ನು ತಂಗಿಗೆ ಕೊಟ್ಟಳು ಅಕ್ಕ" ಎಂದಳು. ನಾನು ತಕ್ಷಣ "ಹಾಗಲ್ಲ, ಅಕ್ಕ ತಂಗಿಗೆ ಸೀರೆಯನ್ನು ಕೊಟ್ಟಳು ಅನ್ನು" ಎಂದು ತಿದ್ದಿದೆ. ಆಮೇಲೆ ಯೋಚಿಸಿದರೆ ತಪ್ಪು ನನ್ನದೇ.

ಈ ನಾಲ್ಕು ಪದಗಳನ್ನು 24 ರೀತಿ ಜೋಡಿಸಬಹುದು. ಹೇಗೆ ಜೋಡಿಸಿದರೂ ಕೊಟ್ಟವಳು ಅಕ್ಕ, ಪಡೆದವಳು ತಂಗಿ. "ಗೆ", "ಅನ್ನು" ಎಂಬ ಪ್ರತ್ಯಯಗಳು ಪದದ ಜೊತೆಗೇ ಹೋಗುತ್ತವಲ್ಲ! ಬದಲಾಗುವುದು ಒತ್ತು ಮಾತ್ರ. "ಸೀರೆಯನ್ನು ಯಾರಿಗೆ ಕೊಟ್ಟಳು?" ಎಂದರೆ ಉತ್ತರ ಸಾಮಾನ್ಯವಾಗಿ ಕ್ರಿಯಾಪದದ ಪಕ್ಕಕ್ಕೇ ಬರುತ್ತದೆ: "ಸೀರೆಯನ್ನು ತಂಗಿಗೆ ಕೊಟ್ಟಳು". ಕ್ರಿಯಾಪದದ ನಂತರ ಉಳಿಯುವುದು ಕೇಳುವವರಿಗೆ ಮೊದಲೇ ಗೊತ್ತಿರುವ ಮಾತು. ಮಗಳು ಅಕ್ಕನ ಕಥೆಯನ್ನೇ ಹೇಳುತ್ತಿದ್ದಳು, ಹಾಗಾಗಿ ಅಕ್ಕ ಕೊನೆಗೆ ಹೋದಳು.

ಪ್ರತ್ಯಯ ಬಿಟ್ಟರೆ ಈ ಸಲಿಗೆ ಕಡಿಮೆಯಾಗುತ್ತದೆ. "ಹಾವು ಕಪ್ಪೆ ನುಂಗಿತು" ಎಂದಾಗ ಮೊದಲು ಬಂದ ಹಾವೇ ನುಂಗಿದ್ದೆಂದು ತಿಳಿಯುತ್ತೇವೆ. ಅಲ್ಲಿ ಕ್ರಮವೇ ಪ್ರತ್ಯಯದ ಕೆಲಸ ಮಾಡುತ್ತದೆ.

ಇನ್ನು ಕದಲದ ಜಾಗಗಳು. "ಸೂರತ್‌ನಿಂದ ತಂದ ಸೀರೆ" ಎಂಬುದು ಒಂದು ಗಂಟು. ಇಡೀ ಗಂಟನ್ನು ವಾಕ್ಯದ ಮೊದಲಿಗೋ ನಡುವಿಗೋ ಕೊನೆಗೋ ಒಯ್ಯಬಹುದು, ಬಿಚ್ಚಿ ಹರಡುವಂತಿಲ್ಲ. "ತಂದ" ಎಂಬ ಪದ ತನ್ನ ಮುಂದೆ ಬರುವ ನಾಮಪದವನ್ನೇ ಹಿಡಿಯುತ್ತದೆ. "ಸೂರತ್‌ನಿಂದ ಸೀರೆ ತಂದ ಅಕ್ಕ" ಎಂದರೆ ಮಾತು ಸೀರೆಯದಲ್ಲ, ಅಕ್ಕನದು. ಇಲ್ಲಿ ಒತ್ತಲ್ಲ, ಅರ್ಥವೇ ಬದಲಾಯಿತು.

ನಮ್ಮ ಊರಿನ ಮಕ್ಕಳು ಎಡವುವುದು ಇನ್ನೊಂದು ಕಡೆ. ಗುಜರಾತಿಯೂ ಕ್ರಿಯಾಪದ ಕೊನೆಗೆ ಬರುವ ಭಾಷೆಯೇ. ಆದರೆ ಅಲ್ಲಿ "ಹುಂ ಜತೀ ನಥೀ" ಎನ್ನಬಹುದು, "ಹುಂ ನಥೀ ಜತೀ" ಎಂದೂ ಎನ್ನಬಹುದು. ನಮ್ಮ "ಇಲ್ಲ" ಹಾಗೆ ಮುಂದೆ ಜಿಗಿಯದು. "ಹೋಗುವುದಿಲ್ಲ" ಎಂದು ಕ್ರಿಯೆಯ ಬೆನ್ನಿಗೇ ಅಂಟಿರುತ್ತದೆ. ನನ್ನ ಮಗಳು "ನಾನು ಇಲ್ಲ ಹೋಗೋದು" ಎಂದದ್ದುಂಟು. ತಿದ್ದಬೇಕಾದದ್ದು ಅದನ್ನು. ಅಂದು ನಾನು ನಕ್ಕು ಬಿಟ್ಟಿದ್ದೆ!

ಸರಿಯಾದದ್ದನ್ನು ಪದೇ ಪದೇ ತಿದ್ದಿದರೆ ಮಗು ಮುಂದಿನ ಸಲ ಗುಜರಾತಿಯಲ್ಲೇ ಉತ್ತರ ಕೊಡುತ್ತದೆ. ಆದ್ದರಿಂದ ಈಗ ನಾನು ಎರಡೇ ನೋಡುತ್ತೇನೆ: ಗಂಟು ಬಿಚ್ಚಿದೆಯೇ, "ಇಲ್ಲ" ಜಾಗ ಬಿಟ್ಟಿದೆಯೇ? ಇಲ್ಲವಾದರೆ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.