ತಮಟೆಯನ್ನೇರಿ ಹೋದವರು
(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಭೂತಕೋಲವನ್ನು ಕಂಡ ನಮಗೆ ಒಂದು ಕ್ರಮ ಚಿರಪರಿಚಿತ. ವಾದ್ಯ ಮೊಳಗುತ್ತದೆ, ದೈವ ಬರುತ್ತದೆ, ಪಾತ್ರಿಯ ಮೈಮೇಲೆ ಇಳಿಯುತ್ತದೆ. ನಾನಿಂದು ಹೇಳಹೊರಟಿರುವುದು ಇದಕ್ಕೆ ವಿರುದ್ಧ ದಿಕ್ಕಿನ ಪದ್ಧತಿಯನ್ನು. ಅಲ್ಲಿ ವಾದ್ಯ ಬಾರಿಸುವವನೇ ತನ್ನ ದೇಹವನ್ನು ಬಿಟ್ಟು ಹೊರಟುಹೋಗುತ್ತಾನೆ. ವಿದ್ವಾಂಸರು ಷಾಮನ್ ಎಂದು ಕರೆಯುವ ಇಂಥವರು ಅನೇಕ ಆದಿವಾಸಿ ಸಮುದಾಯಗಳಲ್ಲಿದ್ದಾರೆ. ನಾನು ಒಂದೇ ಸಮುದಾಯವನ್ನು ಆರಿಸಿಕೊಂಡಿದ್ದೇನೆ: ಯುರೋಪಿನ ಉತ್ತರದ ತುದಿಯಲ್ಲಿ, ನಾರ್ವೆ, ಸ್ವೀಡನ್, ಫಿನ್ಲೆಂಡ್ ಮತ್ತು ರಷ್ಯಾದ ಕೋಲಾ ಪ್ರದೇಶದಲ್ಲಿ ಹಿಮಸಾರಂಗಗಳೊಡನೆ ಬದುಕಿದ ಸಾಮಿ ಜನರನ್ನು. ಅವರಲ್ಲಿ ಈ ಪಯಣಿಗನಿಗೆ ನೋಯ್ದಿ ಎಂದು ಹೆಸರು.

ಹನ್ನೆರಡನೆಯ ಶತಮಾನದ ಕೊನೆಯ ಭಾಗದ್ದೆಂದು ಎಣಿಸಲಾದ, ನಾರ್ವೆಯ ಚರಿತ್ರೆಯನ್ನು ಹೇಳುವ ಲ್ಯಾಟಿನ್ ಗ್ರಂಥವೊಂದರಲ್ಲಿ ಒಂದು ವೃತ್ತಾಂತವಿದೆ. ವ್ಯಾಪಾರಕ್ಕೆ ಹೋದ ಕ್ರೈಸ್ತರು ಸಾಮಿಗಳ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಮನೆಯೊಡತಿ ಇದ್ದಕ್ಕಿದ್ದಂತೆ ಕುಸಿದುಬಿದ್ದಳು. ಅತಿಥಿಗಳು ಅವಳು ಸತ್ತಳೆಂದೇ ತಿಳಿದು ಅತ್ತರು. ಸಾಮಿಗಳು ಮಾತ್ರ ಅವಳು ಸತ್ತಿಲ್ಲ, ಶತ್ರುಗಳು ಅವಳ ಜೀವವನ್ನು ಕದ್ದೊಯ್ದಿದ್ದಾರೆ, ತರಬಹುದು ಎಂದರು. ನೋಯ್ದಿಯೊಬ್ಬ ಬಟ್ಟೆಯೊಂದನ್ನು ಹರಡಿ, ಜರಡಿಯಂತಹ ವಾದ್ಯವನ್ನೆತ್ತಿಕೊಂಡ. ಅದರ ಮೇಲೆ ತಿಮಿಂಗಿಲ, ಬಂಡಿ ಕಟ್ಟಿದ ಹಿಮಸಾರಂಗ, ಹುಟ್ಟುಗಳಿದ್ದ ಪುಟ್ಟ ದೋಣಿ ಇವುಗಳ ಚಿತ್ರಗಳಿದ್ದವು. ಬಹಳ ಹೊತ್ತು ಹಾಡಿ ಕುಣಿದು ನೆಲಕ್ಕೆ ಬಿದ್ದ. ಮುಖ ಕಪ್ಪಿಟ್ಟು, ಬಾಯಲ್ಲಿ ನೊರೆ ಬಂದು, ಹೊಟ್ಟೆ ಸೀಳಿ ಸತ್ತುಹೋದ. ಆಮೇಲೆ ಇನ್ನೊಬ್ಬ ನೋಯ್ದಿ ಅದೇ ವಿಧಿ ನಡೆಸಿದ; ಹೆಂಗಸು ಎದ್ದು ಕುಳಿತಳು. ಮೊದಲನೆಯವನಿಗೆ ಏನಾಯಿತೆಂದು ಎರಡನೆಯವನು ತಿಳಿಸಿದ: ಅವನ ಚೇತನ ತಿಮಿಂಗಿಲದ ರೂಪದಲ್ಲಿ ಸರೋವರವನ್ನು ದಾಟುತ್ತಿತ್ತು, ಶತ್ರುವಿನ ಚೇತನ ನೀರಿನಡಿ ಚೂಪಾದ ಗೂಟಗಳಾಗಿ ಕಾದಿತ್ತು, ಗೂಟಗಳು ಹೊಟ್ಟೆಯನ್ನು ಬಗೆದವು.

ಬರೆದವನು ಇದನ್ನು ಪಿಶಾಚಿಯ ಕೆಲಸವೆಂದೇ ನಂಬಿದ್ದ. ಆದರೂ ವಿವರಗಳು ಅಮೂಲ್ಯ. ಚಿತ್ರಗಳು ಅಲಂಕಾರವಲ್ಲ, ವಾಹನಗಳು: ಹಿಮಕ್ಕೆ ಬಂಡಿ, ನೀರಿಗೆ ದೋಣಿ, ಆಳಕ್ಕೆ ತಿಮಿಂಗಿಲ. ಪಯಣಕ್ಕೆ ಗುರಿಯೂ ಇದೆ, ಕಳೆದುಹೋದ ಜೀವವನ್ನು ಹಿಂದೆ ತರುವುದು. ಹೋದವನು ಮರಳದೆಯೂ ಇರಬಹುದು.

ನಾನು ತಮಟೆ ಎನ್ನುತ್ತಿದ್ದೇನೆ; ಆದರೆ ಸಾಮಿಗಳ ವಾದ್ಯಗಳಲ್ಲಿ ಒಂದು ಬಗೆ, ಮರದ ಗಂಟನ್ನು ಕೊರೆದು ಮಾಡಿದ ಬೋಗುಣಿಯಂಥದು. ಅದಕ್ಕೆ ಹಿಮಸಾರಂಗದ ಚರ್ಮ ಬಿಗಿದು, ಆಲ್ಡರ್ ಮರದ ತೊಗಟೆಯ ಕೆಂಪು ರಸದಿಂದ ಚಿತ್ರ ಬರೆಯುತ್ತಿದ್ದರು. ಬಾರಿಸುವ ಕೋಲು ಅದೇ ಪ್ರಾಣಿಯ ಕೊಂಬಿನದು. ಇದಕ್ಕೆ ಎರಡು ಉಪಯೋಗ. ಚರ್ಮದ ಮೇಲೆ ಹಿತ್ತಾಳೆಯ ಉಂಗುರವನ್ನಿಟ್ಟು ಮೆಲ್ಲನೆ ಬಡಿದರೆ, ಅದು ಸರಿದು ಯಾವ ಚಿತ್ರದ ಮೇಲೆ ನಿಲ್ಲುವುದೋ ಅದರಿಂದ ಬೇಟೆ, ಹವೆ, ರೋಗಗಳ ಶಕುನ ಹೇಳುತ್ತಿದ್ದರು. ಪಯಣದಲ್ಲಾದರೋ ನೋಯ್ದಿ ಪ್ರಜ್ಞೆ ತಪ್ಪಿ ಬೀಳುವವರೆಗೂ ಬಾರಿಸುತ್ತಿದ್ದ. ಅವನು ಬಿದ್ದ ಮೇಲೆ ಉಳಿದವರಿಗೆ ಕೆಲಸ ಹೆಚ್ಚು. ಓಲಾಸ್ ಮ್ಯಾಗ್ನಸ್ ಎಂಬ ಸ್ವೀಡಿಷ್ ಪಾದ್ರಿ 1555ರ ತನ್ನ ಗ್ರಂಥದಲ್ಲಿ, ಬಿದ್ದ ದೇಹವನ್ನು ಒಂದು ನೊಣವೂ ಮುಟ್ಟದಂತೆ ಸಂಗಡಿಗನು ಕಾಯುತ್ತಿದ್ದನೆಂದೂ, ಎದ್ದವನು ದೂರದೂರಿನ ಸುದ್ದಿಯೊಡನೆ ಉಂಗುರವನ್ನೋ ಚಾಕುವನ್ನೋ ಗುರುತಾಗಿ ತೋರುತ್ತಿದ್ದನೆಂದೂ ಬರೆದಿದ್ದಾನೆ. ಅವನನ್ನು ಹಾಡಿ ಮರಳಿ ಕರೆಯಲು ಸಹಾಯಕರಿರುತ್ತಿದ್ದರೆಂದು ನಂತರದ ಬರಹಗಳು ಹೇಳುತ್ತವೆ.

ಬಡಿತವೇ ಪ್ರಜ್ಞೆಯನ್ನು ಬದಲಿಸುತ್ತದೆಯೇ? 1960ರ ದಶಕದ ಆರಂಭದಲ್ಲಿ ಆಂಡ್ರ್ಯೂ ನೆಹರ್ ಎಂಬ ಸಂಶೋಧಕರು ಲಯದ ಬಡಿತ ಮೆದುಳಿನ ಅಲೆಗಳನ್ನು ತನ್ನ ಗತಿಗೆ ಎಳೆಯುತ್ತದೆಂದು ವಾದಿಸಿದರು. ಅಮೆರಿಕದ ಮೈಕೇಲ್ ಹಾರ್ನರ್ 1980ರಲ್ಲಿ ಪುಸ್ತಕ ಬರೆದು, ನಿಮಿಷಕ್ಕೆ ಸುಮಾರು 205ರಿಂದ 220 ಬಡಿತಗಳ ಏಕತಾನ ನಾದದಿಂದ ಯಾರೂ ಪಯಣಿಸಬಹುದೆಂದು ಕಲಿಸತೊಡಗಿದರು. ಅದೇ ವರ್ಷ ಫ್ರಾನ್ಸಿನ ಗಿಲ್ಬರ್ಟ್ ರೂಜೆ ಇಂಥ ವಿವರಣೆಯನ್ನು ಅಲ್ಲಗಳೆದರು: ಬಡಿತವೊಂದೇ ಕಾರಣವಾಗಿದ್ದರೆ ಆಫ್ರಿಕದ ಅರ್ಧ ಜನ ವರ್ಷವಿಡೀ ಮೈಮರೆತಿರಬೇಕಿತ್ತು! ನನಗೆ ರೂಜೆಯವರ ಮಾತೇ ಒಪ್ಪಿಗೆ. ಮುದ್ರಿತ ನಾದವನ್ನು ಕೇಳುತ್ತ ಕಣ್ಮುಚ್ಚಿದವರಿಗೆ ದೃಶ್ಯಗಳು ಕಂಡಾವು. ಆದರೆ ಅಲ್ಲಿ ಕಾಯುವವರಿಲ್ಲ, ಕರೆಯುವವರಿಲ್ಲ, ಜೀವ ಕಳೆದುಕೊಂಡ ಮನೆಯೊಡತಿಯೂ ಇಲ್ಲ.

ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಪಾದ್ರಿಗಳೂ ಅಧಿಕಾರಿಗಳೂ ಈ ವಾದ್ಯಗಳನ್ನು ಕಸಿದರು, ಸುಟ್ಟರು. ಇಂದು ಉಳಿದಿರುವುದು ಎಪ್ಪತ್ತರ ಆಸುಪಾಸು. ಅವುಗಳಲ್ಲೊಂದು ಆಂಡರ್ಸ್ ಪೌಲ್ಸೆನ್ ಎಂಬ ವೃದ್ಧ ನೋಯ್ದಿಯದು. 1691ರ ಡಿಸೆಂಬರಿನಲ್ಲಿ ಅದನ್ನು ವಶಪಡಿಸಿಕೊಂಡು, 1692ರ ಫೆಬ್ರವರಿಯಲ್ಲಿ ನಾರ್ವೆಯ ವಾಡ್ಸೋದಲ್ಲಿ ಮಾಟದ ಆರೋಪದ ಮೇಲೆ ಅವನ ವಿಚಾರಣೆ ನಡೆಸಿದರು. ಅವನು ನ್ಯಾಯಾಲಯದಲ್ಲಿಯೇ ಬಾರಿಸಿ ತೋರಿಸಿದ, ಚಿತ್ರಗಳ ಅರ್ಥವನ್ನು ಒಂದೊಂದಾಗಿ ಬಿಡಿಸಿದ. ಅವುಗಳಲ್ಲಿ ಚರ್ಚೂ ಮೇರಿಯೂ ಇದ್ದರು. ನೋಯ್ದಿಯೊಬ್ಬನ ಬಾಯಿಂದಲೇ ಬಂದ ಇಂಥ ವಿವರಣೆ ಬಹು ಅಪರೂಪ. ತೀರ್ಪಿಗೆ ಮುನ್ನ ಕೋಪನ್‌ಹೇಗನ್ನಿನ ಸಲಹೆ ಕೇಳಲು ತೀರ್ಮಾನವಾಯಿತು. ಅಷ್ಟರೊಳಗೆ, ಮತಿಭ್ರಮಣೆಗೊಳಗಾಗಿದ್ದ ಆಳೊಬ್ಬ, ಮಲಗಿದ್ದ ಮುದುಕನನ್ನು ಕೊಡಲಿಯಿಂದ ಕೊಂದ. ವಾದ್ಯ ಡೆನ್ಮಾರ್ಕಿನ ರಾಜನ ಸಂಗ್ರಹ ಸೇರಿತು. 1979ರಿಂದ ನಾರ್ವೆಯ ಕರಾಶೋಕಿನ ಸಾಮಿ ಸಂಗ್ರಹಾಲಯದಲ್ಲಿ ಎರವಲಾಗಿ ಇದ್ದುದು, 2022ರಲ್ಲಿ ಸಾಮಿಗಳದೇ ಸ್ವತ್ತಾಯಿತು.