ಲೆಕ್ಕ ಹಾಕಿಯೇ ‘ದಾರಿ ಇಲ್ಲ’ ಅಂತ ಸಾಬೀತು ಮಾಡೋದು ಹೇಗೆ?

ಐದು ಬಸ್ ಸ್ಟಾಪ್ ಇವೆ ಅಂದ್ಕೊಳ್ಳಿ: ಎ, ಬಿ, ಸಿ, ಡಿ, ಇ. ರಸ್ತೆಗಳೆಲ್ಲ ಒನ್‌ವೇ. ಎ-ಯಿಂದ ಬಿ-ಗೂ ಸಿ-ಗೂ ಹೋಗಬಹುದು, ಸಿ-ಯಿಂದ ಡಿ-ಗೆ ಹೋಗಬಹುದು, ಇ-ಯಿಂದಲೂ ಡಿ-ಗೆ ಹೋಗಬಹುದು. ಅಷ್ಟೇ.

ಎ-ಯಿಂದ ಡಿ-ಗೆ ದಾರಿ ಇದೆ ಅಂತ ತೋರಿಸೋದು ಸುಲಭ. ಮುಂದಿನ ಸ್ಟಾಪ್ ಊಹಿಸ್ತಾ ಹೋಗಿ, ಪ್ರತಿ ಸಲ ರಸ್ತೆ ನಿಜವಾಗಿ ಇದೆಯಾ ಅಂತ ನೋಡಿ. ಈಗ ಎಲ್ಲಿದ್ದೀವಿ, ಎಷ್ಟು ಹೆಜ್ಜೆ ಆಯ್ತು ಅನ್ನೋದಷ್ಟೇ ನೆನಪಿದ್ದರೆ ಸಾಕು. ಹತ್ತು ಲಕ್ಷ ಸ್ಟಾಪ್ ಇದ್ದರೂ ಒಂದು ಸ್ಟಾಪಿನ ನಂಬರಿಗೆ 20 ಬಿಟ್ ಸಾಕಾಗುತ್ತೆ. ಹೀಗೆ ಊಹೆ ಮತ್ತು ಪುಟ್ಟ ಮೆಮೊರಿಯಿಂದ ‘ಹೌದು’ ಅನ್ನಬಹುದಾದ ಪ್ರಶ್ನೆಗಳ ಗುಂಪೇ ಎನ್‌ಎಲ್.

ಆದರೆ ಇ-ಗೆ ದಾರಿ ‘ಇಲ್ಲ’ ಅಂತ ತೋರಿಸೋದು? ನೋಡಿದ ಸ್ಟಾಪ್‌ಗಳನ್ನೆಲ್ಲ ಬರೆದಿಡೋಕೆ ಜಾಗ ಇಲ್ಲ. ಇದು ಕೂಡ ಅಷ್ಟೇ ಜಾಗದಲ್ಲಿ ಆಗುತ್ತೆ ಅಂತ 1987ರಲ್ಲಿ ಅಮೆರಿಕದ ನೀಲ್ ಇಮ್ಮರ್‌ಮನ್, ಬ್ರಾಟಿಸ್ಲಾವಾದ ವಿದ್ಯಾರ್ಥಿ ರಾಬರ್ಟ್ ಸೆಲೆಪ್‌ಚೇನಿ ಬೇರೆ ಬೇರೆಯಾಗಿ ತೋರಿಸಿದರು. 1995ರಲ್ಲಿ ಇಬ್ಬರಿಗೂ ಗೋಡೆಲ್ ಪ್ರಶಸ್ತಿ ಬಂತು.

ಉಪಾಯ ಇಷ್ಟೇ: ಹೆಸರು ಬೇಡ, ಸಂಖ್ಯೆ ಮಾತ್ರ ಇಟ್ಕೊಳ್ಳಿ. ಸೊನ್ನೆ ಹೆಜ್ಜೆಯಲ್ಲಿ ತಲುಪೋದು 1 ಸ್ಟಾಪ್, ಎ ಮಾತ್ರ. ಒಂದು ಹೆಜ್ಜೆಯೊಳಗೆ 3: ಎ, ಬಿ, ಸಿ. ಎರಡು ಹೆಜ್ಜೆಯೊಳಗೆ ಎಷ್ಟು? ಪ್ರತಿ ಸ್ಟಾಪಿಗೂ ಈ ಪ್ರಶ್ನೆ ಕೇಳಬೇಕು. ಡಿ-ಯನ್ನೇ ತಗೊಳ್ಳಿ. ಐದೂ ಸ್ಟಾಪ್‌ಗಳನ್ನ ಸಾಲಾಗಿ ನೋಡ್ತಾ, ಒಂದು ಹೆಜ್ಜೆಯೊಳಗೆ ಸಿಗುವಂಥವಕ್ಕೆ ದಾರಿಯನ್ನ ಮತ್ತೆ ಊಹಿಸಿ ಎಣಿಸಿ. ಅವುಗಳಲ್ಲಿ ಯಾವುದರಿಂದಾದರೂ ಡಿ-ಗೆ ರಸ್ತೆ ಇದೆಯಾ ನೋಡಿ. ಸಿ-ಯಿಂದ ಇದೆ, ಡಿ ಸೇರಿತು. ಇ-ಗೂ ಹೀಗೇ ಮಾಡಿದರೆ ಮೂರೂ ಸ್ಟಾಪ್ ಸಿಕ್ಕವು, ಯಾವುದರಿಂದಲೂ ರಸ್ತೆ ಇಲ್ಲ. ಹಾಗಾಗಿ ಹೊಸ ಲೆಕ್ಕ 4. ಹಳೇ 3 ಅಳಿಸಿ 4 ಬರ್ಕೊಳ್ಳಿ.

ಊಹೆ ತಪ್ಪಿದರೆ? ಸಿ-ಯನ್ನ ಬಿಟ್ಟುಬಿಟ್ರೆ ಎಣಿಕೆ 2 ಬರುತ್ತೆ, 3 ಅಲ್ಲ. ಆ ಪ್ರಯತ್ನ ಉತ್ತರ ಕೊಡದೆ ಅಲ್ಲೇ ನಿಲ್ಲುತ್ತೆ. ಹೆಚ್ಚು ಎಣಿಸೋಕಂತೂ ಆಗಲ್ಲ: ಪ್ರತಿ ರಸ್ತೆಯನ್ನೂ ಪರೀಕ್ಷಿಸ್ತೀವಿ, ಪ್ರತಿ ಸ್ಟಾಪ್ ಸಾಲಿನಲ್ಲಿ ಒಂದೇ ಸಲ ಬರುತ್ತೆ. ಅಂದ್ರೆ ಲೆಕ್ಕ ತಾಳೆಯಾದರೆ ಪಟ್ಟಿಯಲ್ಲಿ ಯಾವುದೂ ತಪ್ಪಿಹೋಗಿಲ್ಲ.

ಐದು ಸ್ಟಾಪಿಗೆ ನಾಲ್ಕು ಹೆಜ್ಜೆ ಸಾಕು. ಅಲ್ಲೂ ಲೆಕ್ಕ 4 ಆಗೇ ಇರುತ್ತೆ. ಕೊನೆಗೆ ಇ-ಯನ್ನ ಬಿಟ್ಟು ಬೇರೆ ನಾಲ್ಕು ಸ್ಟಾಪ್‌ಗೆ ದಾರಿ ತೋರಿಸಿದರೆ ಮುಗೀತು, ಇ-ಗೆ ಜಾಗವೇ ಉಳಿದಿಲ್ಲ.

ಗಮನಿಸಿ, ಇಲ್ಲಿ ಊಹೆ ಬೇಕೇ ಬೇಕು. ಊಹೆಯೇ ಇಲ್ಲದೆ ಇಷ್ಟೇ ಜಾಗದಲ್ಲಿ ಈ ದಾರಿ ಪ್ರಶ್ನೆ ಬಗೆಹರಿಸಬಹುದಾ ಅನ್ನೋದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.