ಎಕ್ಸ್‌ರೇ ನಾರ್ಮಲ್, ಆದರೂ ಮೂಳೆ ಸತ್ತಿದೆ



 ಈ ಅಧ್ಯಕ್ಷ ಭಾಷಣದಲ್ಲಿ ವಿಕಿರಣಶಾಸ್ತ್ರದ ಇಡೀ ಹರಹನ್ನು ಸುತ್ತಿಬರುವ ಆಸೆ ನನಗಿಲ್ಲ. ಒಂದೇ ಕೀಲನ್ನು, ಅದರಲ್ಲೂ ಒಂದೇ ಕಾಯಿಲೆಯ ಮೊದಲ ಕೆಲವು ತಿಂಗಳನ್ನು ತೆಗೆದುಕೊಳ್ಳುತ್ತೇನೆ. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ರಕ್ತ ಸಿಗದೆ ಸಾಯುವ ಕಾಯಿಲೆ ಅದು. ನಾವೆಲ್ಲ ಎವಿಎನ್ ಎನ್ನುತ್ತೇವೆ. ಸಭೆಯಲ್ಲಿ ಮೂಳೆ ತಜ್ಞರಿಗಿಂತ ಕುಟುಂಬ ವೈದ್ಯರು, ಚರ್ಮ ಮತ್ತು ಮೂತ್ರಪಿಂಡ ತಜ್ಞರೇ ಹೆಚ್ಚಿದ್ದೀರಿ. ಸ್ಟೀರಾಯ್ಡ್ ಬರೆಯುವವರು ನೀವು, ನೋವನ್ನು ಮೊದಲು ಕೇಳಿಸಿಕೊಳ್ಳುವವರೂ ನೀವೇ.

ಮಾತು ಹಿಡಿತಕ್ಕೆ ಸಿಗಲೆಂದು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಮೂವತ್ತೆರಡು ವರ್ಷದ ಮಹಿಳೆ. ಲೂಪಸ್‌ನಿಂದ ಮೂತ್ರಪಿಂಡಕ್ಕೆ ಪೆಟ್ಟಾಗಿ, ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎರಡು ತಿಂಗಳು ತೆಗೆದುಕೊಂಡಿದ್ದಾರೆ. ಆ ಎರಡು ತಿಂಗಳಲ್ಲೇ ಒಟ್ಟು 2400 ಮಿಲಿಗ್ರಾಂ ಆಯಿತು. ಆಮೇಲೆ ಡೋಸ್ ಇಳಿಸುತ್ತ ಬಂದಿದ್ದಾರೆ. ಐದನೆಯ ತಿಂಗಳಲ್ಲಿ ಬಲ ತೊಡೆಸಂದಿನಲ್ಲಿ ನೋವು ಶುರುವಾಗುತ್ತದೆ. ನಡೆದರೆ ಹೆಚ್ಚು, ಕೂತರೆ ಕಡಿಮೆ. ಕೆಲವೊಮ್ಮೆ ಮಂಡಿಯವರೆಗೂ ಇಳಿಯುತ್ತದೆ. ಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂರುವುದು ಕಷ್ಟವಾಗಿದೆ. ಮುಂದಿನಿಂದ ಒಂದು ಎಕ್ಸ್‌ರೇ ತೆಗೆಸುತ್ತಾರೆ, ವರದಿ 'ನಾರ್ಮಲ್' ಎಂದು ಬರುತ್ತದೆ. ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಇಲ್ಲವೇ ನೋವು ಕಾಲಿಗಿಳಿಯುತ್ತದೆಂದು ಬೆನ್ನಿನ ಎಂಆರ್‌ಐ ಮಾಡಿಸುತ್ತಾರೆ.

ಆ ವರದಿಯಲ್ಲಿ ಸುಳ್ಳೇನೂ ಇಲ್ಲ. ಎಕ್ಸ್‌ರೇ ಕಾಣುವುದು ಸುಣ್ಣದಂಶವನ್ನು, ಮೂಳೆಯ ಜೀವವನ್ನಲ್ಲ. ಬೇರು ಸತ್ತ ಮರ ಎಷ್ಟೋ ಕಾಲ ನಿಂತೇ ಇರುವ ಹಾಗೆ, ಮಜ್ಜೆ ಮತ್ತು ಮೂಳೆಕೋಶ ಸತ್ತ ಮೇಲೂ ತೊಡೆಮೂಳೆಯ ತಲೆಯ ಜಾಲರಿ ತನ್ನ ಖನಿಜವನ್ನು ಕಳೆದುಕೊಂಡಿರುವುದಿಲ್ಲ. ಎಕ್ಸ್‌ರೇಯಲ್ಲಿ ನಾವು ಮುಂದೆ ಕಾಣುವ ಬಿಳಿ ಮಚ್ಚೆಯೂ ಕಪ್ಪು ಗುಳ್ಳೆಯೂ ಸಾವಿನ ಗುರುತಲ್ಲ, ರಿಪೇರಿಯ ಗುರುತು. ಅಂಚಿನಲ್ಲಿ ಹಳೆಯ ಮೂಳೆ ಕರಗಿ, ಸತ್ತ ಎಳೆಗಳ ಮೇಲೆ ಹೊಸ ಮೂಳೆ ಕೂರುವುದಕ್ಕೆ ತಿಂಗಳುಗಳು ಬೇಕು. ಇನ್ನೂ ತಡವಾದರೆ ಮೃದ್ವಸ್ಥಿಯ ಕೆಳಗೆ ಅರ್ಧಚಂದ್ರದ ಕಪ್ಪು ಗೆರೆ ಕಾಣುತ್ತದೆ. ಅಷ್ಟರಲ್ಲಿ ಮೂಳೆ ಒಳಗೇ ಮುರಿದಿರುತ್ತದೆ.

ಮುಂದಿನಿಂದ ತೆಗೆದ ಚಿತ್ರಕ್ಕೆ ಇನ್ನೊಂದು ಮಿತಿಯಿದೆ. ಗಾಯ ಸಾಮಾನ್ಯವಾಗಿ ಭಾರ ಹೊರುವ ಮುಂಭಾಗದ ಮೇಲ್ತುದಿಯಲ್ಲಿರುತ್ತದೆ. ಆ ಜಾಗದ ಮೇಲೆ ಕೀಲುಗುಳಿಯ ನೆರಳು ಬೀಳುತ್ತದೆ. ಆದ್ದರಿಂದ ಕಾಲನ್ನು ಕಪ್ಪೆಯಂತೆ ಮಡಿಸಿ ತೆಗೆಯುವ ಫ್ರಾಗ್-ಲೆಗ್ ಚಿತ್ರವಿಲ್ಲದ ಎಕ್ಸ್‌ರೇ ಅರ್ಧ ಪರೀಕ್ಷೆ ಮಾತ್ರ. ಅದೂ ಸರಿಯಾಗಿದ್ದರೂ ಮೊದಲ ಹಂತವನ್ನು ತಳ್ಳಿಹಾಕುವಂತಿಲ್ಲ.

ನಮ್ಮ ರೋಗಿಗೆ ಎರಡೂ ಸೊಂಟ ಸೇರಿಸಿ ಎಂಆರ್‌ಐ ಮಾಡಿದೆವೆನ್ನೋಣ. ಎಂಆರ್‌ಐ ನೋಡುವುದು ಮಜ್ಜೆಯ ಕೊಬ್ಬನ್ನೂ ನೀರನ್ನೂ. ಆರೋಗ್ಯವಂತ ತೊಡೆಮೂಳೆಯ ತಲೆ ಟಿ1 ಚಿತ್ರದಲ್ಲಿ ಕೊಬ್ಬಿನಿಂದಾಗಿ ಬೆಳ್ಳಗಿರುತ್ತದೆ. ಈಕೆಯ ಬಲಬದಿಯಲ್ಲಿ, ಮೇಲ್ತುದಿಯ ಬಿಳಿಯೊಳಗೆ ಅಂಕುಡೊಂಕಾದ ಒಂದು ಕಪ್ಪು ಗೆರೆ. ಅದು ಸತ್ತ ತುಂಡನ್ನು ಬಳಸಿ, ಎರಡೂ ತುದಿಗಳಲ್ಲಿ ಕೀಲಿನ ಮೇಲ್ಮೈಯನ್ನು ಮುಟ್ಟುತ್ತದೆ. ಗೆರೆಯೊಳಗಿನ ಭಾಗ ಇನ್ನೂ ಬೆಳ್ಳಗೇ ಇದೆ, ಏಕೆಂದರೆ ಸತ್ತ ಕೊಬ್ಬು ಸ್ವಲ್ಪ ಕಾಲ ಕೊಬ್ಬಿನಂತೆಯೇ ಕಾಣುತ್ತದೆ. ಒಳಗಿನ ಬಿಳುಪು ನೋಡಿ ಮೋಸಹೋಗಬಾರದು, ಓದಬೇಕಾದ್ದು ಗಡಿಯನ್ನು. ಟಿ2 ಚಿತ್ರದಲ್ಲಿ ಅದೇ ಗಡಿ ಜೋಡಿಗೆರೆಯಾಗುತ್ತದೆ. ಒಳಗಡೆಯ ಬಿಳಿಗೆರೆ ರಿಪೇರಿಗೆ ಬಂದ ರಕ್ತನಾಳಭರಿತ ಅಂಗಾಂಶ, ಹೊರಗಡೆಯ ಕರಿಗೆರೆ ಗಟ್ಟಿಯಾದ ಮೂಳೆ.

ಎಡ ಸೊಂಟದಲ್ಲೂ ಅಂಥದ್ದೇ ಸಣ್ಣ ಗೆರೆಯಿದೆ, ಆ ಬದಿಗೆ ನೋವೇ ಇಲ್ಲ. ಸ್ಟೀರಾಯ್ಡ್‌ನಿಂದ ಬರುವ ಎವಿಎನ್ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಎರಡೂ ಬದಿಗೆ ಇರುತ್ತದೆ. ಅದಕ್ಕೇ ಒಂದೇ ಸೊಂಟದ ಎಂಆರ್‌ಐ ಬರೆಯಬೇಡಿ.

ಗೆರೆ ಕಂಡ ಮೇಲೆ ಅಳತೆ. ಕರೋನಲ್ ಮತ್ತು ಸ್ಯಾಜಿಟಲ್ ಚಿತ್ರಗಳಲ್ಲಿ ತಲೆಯ ನಟ್ಟನಡುವಿನ ಸ್ಲೈಸ್ ತೆಗೆದುಕೊಂಡು, ಸತ್ತ ಭಾಗವು ಕೇಂದ್ರದಲ್ಲಿ ಮಾಡುವ ಕೋನಗಳನ್ನು ಅಳೆದು ಕೂಡುತ್ತೇವೆ. ಇದು ಮಾರ್ಪಡಿಸಿದ ಕೆರ್ಬೂಲ್ ಕೋನ. ಮೊತ್ತ 190 ಡಿಗ್ರಿಯೊಳಗಿದ್ದರೆ ಕುಸಿಯುವ ಭಯ ಕಡಿಮೆ, 240 ದಾಟಿದರೆ ಹೆಚ್ಚು. ಈಕೆಗೆ ಬಲಕ್ಕೆ 110 ಮತ್ತು 100, ಅಂದರೆ 210, ನಡುವಿನ ವರ್ಗ. ಎಡಕ್ಕೆ 60 ಮತ್ತು 50, ಒಟ್ಟು 110. ಫ್ರಾಗ್-ಲೆಗ್ ಎಕ್ಸ್‌ರೇಯೂ ಸರಿಯಾಗಿರುವುದರಿಂದ ಆರ್ಕೋ ವರ್ಗೀಕರಣದಲ್ಲಿ ಎರಡೂ ಒಂದನೆಯ ಹಂತ. ಬಲಬದಿಗೆ ಮೂಳೆಗೆ ರಂಧ್ರ ಕೊರೆದು ಒಳಗಿನ ಒತ್ತಡ ಇಳಿಸುವ ಕೋರ್ ಡಿಕಂಪ್ರೆಶನ್ ಬಗ್ಗೆ ಮೂಳೆ ತಜ್ಞರೊಡನೆ ಮಾತಾಡಲು ಇದೇ ಹೊತ್ತು. ತಲೆ ಚಪ್ಪಟೆಯಾದ ಮೇಲೆ ಅದರಿಂದ ಹೆಚ್ಚು ಉಪಯೋಗವಿಲ್ಲ, ಆಗ ಕೀಲು ಬದಲಿಯ ಮಾತೇ ಬರುತ್ತದೆ. ಎಡಬದಿಯನ್ನು ಕೆಲವು ತಿಂಗಳಿಗೊಮ್ಮೆ ನೋಡುತ್ತಿದ್ದರೆ ಸಾಕು.

ಮುಂದಿನ ಎಂಆರ್‌ಐಯಲ್ಲಿ ತಲೆಯಿಂದ ಕತ್ತಿನವರೆಗೆ ಮಜ್ಜೆಯ ಊತ ಕಂಡರೆ, ನೋವೂ ಹಠಾತ್ತಾಗಿ ಏರಿದ್ದರೆ, ಕುಸಿತ ಶುರುವಾಗಿದೆಯೆಂದು ಅನುಮಾನಿಸಿ. ಮೇಲ್ಮೈ ಕೆಳಗಿನ ಕೂದಲೆಳೆಯ ಮುರಿತವನ್ನು ಹುಡುಕುವಲ್ಲಿ ಎಂಆರ್‌ಐಗಿಂತ ಸಿಟಿ ಚುರುಕು. ಆದರೆ ಊತ ಕಂಡದ್ದೆಲ್ಲ ಎವಿಎನ್ ಅಲ್ಲ. ಸ್ಟೀರಾಯ್ಡ್ ಮೂಳೆಯನ್ನು ಸವೆಸುವುದರಿಂದ, ಇವರಲ್ಲೇ ದುರ್ಬಲ ಮೂಳೆ ತಾನಾಗಿ ಬಿರುಕು ಬಿಡುವುದೂ ಉಂಟು. ಆ ಬಿರುಕು ಮೇಲ್ಮೈಗೆ ಸಮಾನಾಂತರವಾಗಿ ಸಾಗುತ್ತದೆ, ಒಂದು ತುಂಡನ್ನು ಬಳಸಿ ಬೇಲಿ ಕಟ್ಟುವುದಿಲ್ಲ. ಬೇಲಿಯಂಥ ಗೆರೆಯಿಲ್ಲದ ಬರೀ ಊತಕ್ಕೆ ಎವಿಎನ್ ಎಂಬ ಮುದ್ರೆ ಒತ್ತಿದರೆ, ವಿಶ್ರಾಂತಿಯಿಂದ ಗುಣವಾಗಬಹುದಾದವರನ್ನು ಶಸ್ತ್ರಚಿಕಿತ್ಸೆಗೆ ಕಳಿಸಿಬಿಡುತ್ತೇವೆ.

ಸಭೆಯ ಮುಂದೆ ನಾಲ್ಕು ಸಲಹೆ ಇಡುತ್ತೇನೆ. ಒಂದು, ಎಕ್ಸ್‌ರೇ ಕೋರಿಕೆ ಚೀಟಿಯಲ್ಲಿ ಸ್ಟೀರಾಯ್ಡ್‌ನ ಹೆಸರು, ಡೋಸ್, ಅವಧಿ ಬರೆಯಿರಿ. 'ಸೊಂಟ ನೋವು' ಎಂದಷ್ಟೇ ಬರೆದರೆ ನಮ್ಮ ಕಣ್ಣು ಹೋಗಬೇಕಾದ ಕಡೆ ಹೋಗುವುದಿಲ್ಲ. ಎರಡು, ಇಂಥವರಿಗೆ ತೊಡೆಸಂದಿನಲ್ಲಿ ನೋವಿದ್ದರೆ ಮಲಗಿಸಿ, ಮಂಡಿ ಮಡಿಸಿ ಕಾಲನ್ನು ಒಳಕ್ಕೆ ತಿರುಗಿಸಿ ನೋಡಿ. ಅಲ್ಲಿ ನೋವು ಬಂದರೆ ಎಕ್ಸ್‌ರೇ ಸರಿಯಿದ್ದರೂ ಎಂಆರ್‌ಐ ಬೇಕು. ಮೂರು, ಖರ್ಚಿನ ಮಾತು ಬಂದಾಗ ವಿಕಿರಣ ತಜ್ಞರು ಎರಡೂ ಸೊಂಟದ ಕರೋನಲ್ ಟಿ1 ಮತ್ತು ಸ್ಟರ್ ಚಿತ್ರಗಳ ಚುಟುಕು ಪರೀಕ್ಷೆ ಮಾಡಿಕೊಡಲಿ. ಗೆರೆ ಹುಡುಕಲು ಕಾಂಟ್ರಾಸ್ಟ್ ಬೇಕಿಲ್ಲ, ಮೂತ್ರಪಿಂಡ ಸೋತವರಿಗೆ ಅದು ದೊಡ್ಡ ಅನುಕೂಲ. ಸ್ಟೀರಾಯ್ಡ್ ರೋಗಿಯ ಬೆನ್ನಿನ ಎಂಆರ್‌ಐ ಮಾಡುವಾಗಲೂ ಸೊಂಟದ ಒಂದು ಸ್ಟರ್ ಚಿತ್ರ ಸೇರಿಸಲಿ.

ನಾಲ್ಕನೆಯದು ರೋಗಿಗೆ ಹೇಳಬೇಕಾದ್ದು. ವರದಿ ಓದಿ ಹೆದರಿ ಸ್ಟೀರಾಯ್ಡನ್ನು ತಾವಾಗಿ ನಿಲ್ಲಿಸುವವರಿದ್ದಾರೆ. ದಿಢೀರನೆ ನಿಲ್ಲಿಸಿದರೆ ದೇಹ ತನ್ನ ಹಾರ್ಮೋನನ್ನು ಕೂಡಲೇ ತಯಾರಿಸಲಾರದೆ ಪ್ರಾಣಕ್ಕೇ ಕುತ್ತು ಬರಬಹುದು, ಲೂಪಸ್ ಕೆರಳಬಹುದು. ಸತ್ತ ಮೂಳೆಯಂತೂ ಅದರಿಂದ ಮರಳಿ ಜೀವ ಪಡೆಯುವುದಿಲ್ಲ. ಡೋಸ್ ಇಳಿಸುವುದನ್ನು ಮೂಲ ಕಾಯಿಲೆಯ ವೈದ್ಯರೇ, ಬೇರೆ ಔಷಧದ ಆಸರೆಯಲ್ಲಿ, ಹಂತಹಂತವಾಗಿ ಮಾಡಬೇಕು. ಈ ಮಾತನ್ನು ವರದಿ ಕೈಗಿಡುವಾಗಲೇ ಹೇಳಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ಈ ಚುಟುಕು ಪರೀಕ್ಷೆಯ ಕರಡನ್ನು ಚರ್ಚೆಗೆ ಇಡಲಿದ್ದೇವೆ. ತಕರಾರು ಇದ್ದವರು ದಯವಿಟ್ಟು ಅಲ್ಲಿ ಎದ್ದು ಹೇಳಿ.